ಕ್ವಾಲಿಟಿ ಲ್ಯಾಬ್ ಇನ್‌ಚಾರ್ಜ್ ಹುದ್ದೆ: ರೆಫರೆನ್ಸ್ ವಿವರ, ಮೂವರಿಗೂ ಕಳಿಸಿದ ಸಂದೇಶ

ನಮಸ್ಕಾರ ಕವಿತಾ ಮೇಡಂ,

ದಾವಣಗೆರೆ ಘಟಕದ ಹುದ್ದೆಗೆ ಮೂವರ ರೆಫರೆನ್ಸ್ ಕೇಳಿದ್ದಿರಿ. ಮೂವರನ್ನೂ ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಅವರ ನಂಬರ್, ಇಮೇಲ್ ಜೊತೆಗಿರುವ ಪಿಡಿಎಫ್‌ನಲ್ಲಿವೆ. ಈ ಮೇಲ್ ನಾಲ್ಕು ಜನರಿಗೆ ಫಾರ್ವರ್ಡ್ ಆದರೂ ನಂಬರ್ ಜೊತೆಗೆ ಹೋಗದಿರಲಿ ಎಂದು ಬೇರೆ ಇಟ್ಟೆ. ಪಾಸ್‌ವರ್ಡ್ ನಿಮ್ಮ ಮೊಬೈಲ್‌ಗೆ ಎಸ್ಎಂಎಸ್ ಮಾಡಿದ್ದೇನೆ.

1. ಶಿವಕುಮಾರ್ ಎಚ್., ಆಗ ಲ್ಯಾಬ್ ಮ್ಯಾನೇಜರ್. ಚಳ್ಳಕೆರೆಯ ಎಣ್ಣೆ ಮಿಲ್‌ನಲ್ಲಿ 2019ರ ಜೂನ್‌ನಿಂದ 2022ರ ಮಾರ್ಚ್‌ವರೆಗೆ ನನ್ನ ನೇರ ಮೇಲಧಿಕಾರಿ. ಶೇಂಗಾ ಎಣ್ಣೆಯ ಎಫ್‌ಎಫ್‌ಎ ಟೈಟ್ರೇಷನ್, ದ್ರಾವಣಗಳ ಸ್ಟ್ಯಾಂಡರ್ಡೈಸೇಷನ್ ರಿಜಿಸ್ಟರ್, ರಾತ್ರಿ ಪಾಳಿಯ ರಿಪೋರ್ಟ್, ಇವೆಲ್ಲ ಅವರ ಕಣ್ಣೆದುರೇ ನಡೆದವು. ಈಗ ಅವರು ಹುಬ್ಬಳ್ಳಿಯಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಹಾಗಾಗಿ ಮಿಲ್‌ನ ಆಫೀಸಿಗೆ ಫೋನ್ ಮಾಡಿದರೆ "ಆ ಹೆಸರಿನವರು ಇಲ್ಲಿಲ್ಲ" ಎಂಬ ಉತ್ತರ ಬರುತ್ತದೆ, ಮೊಬೈಲ್‌ಗೇ ಮಾಡಿ. ತಾರೀಖು, ಹುದ್ದೆ ಖಚಿತಪಡಿಸಿಕೊಳ್ಳಲು ಮಿಲ್‌ನ ಅನುಭವ ಪತ್ರ ಲಗತ್ತಿಸಿದ್ದೇನೆ. ಸಂಜೆ 6ರ ಮೇಲೆ ಸಿಗುತ್ತಾರೆ.

2. ತಿಪ್ಪೇಸ್ವಾಮಿ, ಈಗಿನ ಕಂಪನಿಯಲ್ಲಿ ಕಳೆದ ವರ್ಷದವರೆಗೆ ಮೆಕ್ಕೆಜೋಳದ ಖರೀದಿ ನೋಡಿಕೊಳ್ಳುತ್ತಿದ್ದವರು. ಇವರು ನನ್ನ ಮೇಲಧಿಕಾರಿ ಅಲ್ಲ, ಬೇರೆ ವಿಭಾಗದವರು. ತೇವಾಂಶ 14% ದಾಟಿದೆ ಎಂದು ನಾನು ವಾಪಸ್ ಕಳಿಸಿದ ಲಾರಿಗಳು ಹೆಚ್ಚಾಗಿ ಇವರು ಕೊಂಡು ತಂದವೇ. ಜಗಳದ ಹೊತ್ತಿನಲ್ಲಿ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ಇವರನ್ನೇ ಕೇಳುವುದು ಒಳ್ಳೆಯದು. ಕನ್ನಡದಲ್ಲಿ ಮಾತಾಡಿದರೆ ಬಿಚ್ಚಿ ಹೇಳುತ್ತಾರೆ. ಬೆಳಿಗ್ಗೆ ಎಪಿಎಂಸಿ ಯಾರ್ಡ್‌ನಲ್ಲಿರುತ್ತಾರೆ, ಹರಾಜಿನ ಗಲಾಟೆಯಲ್ಲಿ ಫೋನ್ ಎತ್ತುವುದಿಲ್ಲ. ಮಧ್ಯಾಹ್ನ 3ರ ನಂತರ ಮಾಡಿ.

3. ಡಾ. ಗಿರಿಜಾ, ಎಂ.ಎಸ್ಸಿ. ರಸಾಯನಶಾಸ್ತ್ರದಲ್ಲಿ ನನ್ನ ಪ್ರಾಜೆಕ್ಟ್ ಗೈಡ್, 2018–19. ಕಾರ್ಖಾನೆ ಕೆಲಸ ಅವರು ನೋಡಿಲ್ಲ, ಲ್ಯಾಬಿನ ಶಿಸ್ತಿನ ಬಗ್ಗೆ ಮಾತ್ರ ಹೇಳಬಲ್ಲರು. ಇಮೇಲ್ ಸಾಕು.

ಎರಡು ವಿಷಯ ಗಮನಕ್ಕೆ. ದಾಖಲೆಗಳಲ್ಲಿ ನನ್ನ ಹೆಸರು ಸುಮಂಗಲಾ ಬಿ. ಎಂ.; ಮೊದಲ ಇಬ್ಬರಿಗೆ ನಾನು "ಲ್ಯಾಬ್ ಸುಮಾ". ಗೊತ್ತಿಲ್ಲದ ನಂಬರ್ ಬಂದರೆ ಇನ್ಶೂರೆನ್ಸ್‌ನವರೆಂದು ಕಟ್ ಮಾಡುವ ಅಭ್ಯಾಸ ಎಲ್ಲರಿಗೂ ಇದೆ, ಆದ್ದರಿಂದ ಮೊದಲು ನಿಮ್ಮ ಹೆಸರು, ಕಂಪನಿ ಬರೆದು ಒಂದು ಎಸ್ಎಂಎಸ್ ಹಾಕಿ.

ಈಗಿನ ಮ್ಯಾನೇಜರ್ ಹೆಸರು ಬೇಕೆಂದೇ ಕೊಟ್ಟಿಲ್ಲ. ನಾನು ಕೆಲಸ ಹುಡುಕುತ್ತಿರುವುದು ಅಲ್ಲಿ ಗೊತ್ತಿಲ್ಲ. ಆಫರ್ ಲೆಟರ್ ಕೈಗೆ ಬಂದ ಮೇಲೆ, ನನಗೆ ಒಂದು ದಿನ ಮೊದಲೇ ತಿಳಿಸಿ, ಅವರನ್ನೂ ಕೇಳಬಹುದು. ಅದಕ್ಕೂ ಮೊದಲು ಅಲ್ಲಿಗೆ ಫೋನ್ ಹೋಗದಂತೆ ದಯವಿಟ್ಟು ನೋಡಿಕೊಳ್ಳಿ.

ವಂದನೆಗಳು,
ಸುಮಂಗಲಾ ಬಿ. ಎಂ.
ವಿದ್ಯಾನಗರ, ದಾವಣಗೆರೆ

ಶಿವಕುಮಾರ್ ಸರ್‌ಗೆ ವಾಟ್ಸಾಪ್:

ಸರ್, ನಮಸ್ಕಾರ. ಮೊನ್ನೆ ಹೇಳಿದ್ದೆನಲ್ಲ, ನಿಮ್ಮ ಹೆಸರು ನಾಳೆ ಕೊಡುತ್ತಿದ್ದೇನೆ. ಎಚ್‌ಆರ್‌ನ ಕವಿತಾ ಅವರು ಸಂಜೆ 6ರ ಮೇಲೆ ಮಾಡಬಹುದು, ಮೊದಲು ಎಸ್ಎಂಎಸ್ ಬರುತ್ತದೆ. ಹುದ್ದೆ ಲ್ಯಾಬ್ ಇನ್‌ಚಾರ್ಜ್, ಕೈಕೆಳಗೆ ನಾಲ್ವರು ಕೆಮಿಸ್ಟ್‌ಗಳು. ನಾನು ಬರೆದುಕೊಟ್ಟ ಅವಧಿ 2019 ಜೂನ್–2022 ಮಾರ್ಚ್, ಹುದ್ದೆ ಕೆಮಿಸ್ಟ್. ನಿಮ್ಮ ನೆನಪಿಗೂ ಇದಕ್ಕೂ ವ್ಯತ್ಯಾಸವಿದ್ದರೆ ಈಗಲೇ ಹೇಳಿ, ಒಂದು ತಿಂಗಳು ಆಚೀಚೆ ಆದರೂ ಅವರು ಅನುಮಾನ ಪಡುತ್ತಾರೆ. ಬಿಟ್ಟಿದ್ದಕ್ಕೆ ಕಾರಣ ಊರಿಗೆ ಹತ್ತಿರದ ಕೆಲಸ ಎಂದು ಹೇಳಿದ್ದೇನೆ. ನನ್ನ ಕೊರತೆ ಕೇಳಿದರೆ ಇದ್ದದ್ದು ಹೇಳಿ ಸರ್, ಎಲ್ಲಾ ಚೆನ್ನಾಗಿದೆ ಎಂದರೆ ಯಾರೂ ನಂಬುವುದಿಲ್ಲ. ಸಂಬಳ ಕೇಳಿದರೆ ಮಾತ್ರ "ಅವರನ್ನೇ ಕೇಳಿ" ಅಂದುಬಿಡಿ.

ತಿಪ್ಪೇಸ್ವಾಮಿಯವರಿಗೆ:

ತಿಪ್ಪೇಸ್ವಾಮಣ್ಣ, ಈ ವಾರ ಮಧ್ಯಾಹ್ನ 3ರ ಮೇಲೆ ಕವಿತಾ ಅಂತ ಒಬ್ಬರು ಫೋನ್ ಮಾಡ್ತಾರೆ, ಕಟ್ ಮಾಡಬೇಡ್ರಿ. ಸುಮಂಗಲಾ ಅಂದ್ರೆ ನಾನೇ. ತೇವಾಂಶದ ಲಾರಿ ಜಗಳ ಕೇಳಿದ್ರೆ ನಡೆದದ್ದು ನಡೆದ ಹಾಗೆ ಹೇಳ್ರಿ, ನಿಮ್ಮ ಸಿಟ್ಟೂ ಸೇರಿಸಿ. ನಮ್ಮ ಕಂಪನಿಯವರ ಹತ್ರ ಮಾತ್ರ ಈ ಸುದ್ದಿ ಬೇಡ, ಯಾರ್ಡ್‌ನಲ್ಲಿ ನಮ್ಮ ಡ್ರೈವರ್‌ಗಳು ಇರ್ತಾರೆ.

ಗಿರಿಜಾ ಮೇಡಂಗೆ ಇಮೇಲ್:

ಮೇಡಂ, ನಮಸ್ಕಾರ. ಕವಿತಾ ಎಂಬವರಿಂದ ಕಂಪನಿಯ ಮೇಲ್ ಐಡಿಯಲ್ಲೇ ಪತ್ರ ಬರುತ್ತದೆ. ಸ್ಪ್ಯಾಮ್ ಫೋಲ್ಡರ್ ಒಮ್ಮೆ ನೋಡಿ. ಪ್ರಾಜೆಕ್ಟ್‌ನ ಶೀರ್ಷಿಕೆ, ಸಾರಾಂಶದ ಒಂದು ಪುಟ ಲಗತ್ತಿಸಿದ್ದೇನೆ. ಪರೀಕ್ಷಾ ಕೆಲಸದ ನಡುವೆ ಈ ವಾರ ಆಗದಿದ್ದರೆ ಒಂದು ಸಾಲು ತಿಳಿಸಿ, ಅವರಿಂದ ಸಮಯ ಕೇಳಿಕೊಳ್ಳುತ್ತೇನೆ.