ಆಡಳಿತ ಕಾನೂನು: ಆರು ಅಂಕದ ಟಿಪ್ಪಣಿಗೆ ಮಾದರಿ ಉತ್ತರ ಮತ್ತು ಅಂಕ ಹಂಚಿಕೆ

ತುಮಕೂರು. ಮೂರು ವರ್ಷದ ಕಾನೂನು ಪದವಿ, ಆಂತರಿಕ ಪರೀಕ್ಷೆ.

ಪ್ರಶ್ನೆ: 'ಮತ್ತೊಂದು ಪಕ್ಷವನ್ನೂ ಆಲಿಸು' ಎಂಬ ತತ್ವವನ್ನು ಕುರಿತು ಸುಮಾರು 200 ಪದಗಳಲ್ಲಿ ಟಿಪ್ಪಣಿ ಬರೆಯಿರಿ. (6 ಅಂಕ)

ಮಾದರಿ ಉತ್ತರ

ಒಬ್ಬರ ಹಕ್ಕು, ಆಸ್ತಿ, ಉದ್ಯೋಗ ಅಥವಾ ಜೀವನೋಪಾಯಕ್ಕೆ ಬಾಧೆ ತರುವ ಆದೇಶವನ್ನು ಹೊರಡಿಸುವ ಮುನ್ನ ಅವರ ಮಾತನ್ನು ಕೇಳಬೇಕೆಂಬುದು ಸಹಜ ನ್ಯಾಯದ ಎರಡು ಮೂಲ ನಿಯಮಗಳಲ್ಲಿ ಒಂದು. ಇನ್ನೊಂದು ಪಕ್ಷಪಾತದ ವಿರುದ್ಧದ ನಿಯಮ. ಲ್ಯಾಟಿನ್‌ನಲ್ಲಿ ಇದನ್ನು 'ಆಡಿ ಆಲ್ಟೆರಮ್ ಪಾರ್ಟೆಮ್' ಎನ್ನುತ್ತಾರೆ.

ಶಾಸನವು ವಿಚಾರಣೆಯ ಬಗ್ಗೆ ಮೌನವಾಗಿದ್ದರೂ ಈ ಕರ್ತವ್ಯ ತಪ್ಪದು. ಒಡಿಶಾ ರಾಜ್ಯ ವಿರುದ್ಧ ಬೀನಾಪಾಣಿ ದೇಯಿ (1967) ಪ್ರಕರಣದಲ್ಲಿ ಸರ್ಕಾರಿ ವೈದ್ಯೆಯೊಬ್ಬರ ಜನ್ಮದಿನಾಂಕವನ್ನು ಸರ್ಕಾರವೇ ಬದಲಿಸಿ ಅವರನ್ನು ನಿವೃತ್ತಿಗೊಳಿಸಿತ್ತು. ಆದೇಶವು ಆಡಳಿತಾತ್ಮಕವಾಗಿದ್ದರೂ ಅದರಿಂದ ಸಿವಿಲ್ ಪರಿಣಾಮ ಉಂಟಾಗುವುದಾದರೆ ಸಹಜ ನ್ಯಾಯವನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಮೇನಕಾ ಗಾಂಧಿ ಪ್ರಕರಣ (1978) ಪಾಸ್‌ಪೋರ್ಟ್ ವಶಪಡಿಸಿಕೊಂಡ ಸಂದರ್ಭದಲ್ಲಿ ಈ ತತ್ವವನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳೊಂದಿಗೆ ಬೆಸೆಯಿತು.

ಆಲಿಸುವುದು ಎಂಬುದರಲ್ಲಿ ಹಲವು ಅಂಶಗಳು ಅಡಗಿವೆ. ಆರೋಪವನ್ನೂ ಉದ್ದೇಶಿತ ಕ್ರಮವನ್ನೂ ಸ್ಪಷ್ಟವಾಗಿ ತಿಳಿಸುವ ನೋಟಿಸು, ಉತ್ತರಿಸಲು ಸಾಕಷ್ಟು ಕಾಲಾವಕಾಶ, ವಿರುದ್ಧವಾಗಿ ಬಳಸುವ ದಾಖಲೆಗಳ ಪ್ರತಿ, ತನ್ನ ಸಾಕ್ಷ್ಯವನ್ನು ಮಂಡಿಸುವ ಅವಕಾಶ ಮತ್ತು ಕಾರಣಗಳನ್ನೊಳಗೊಂಡ ಆದೇಶ ಇವುಗಳಲ್ಲಿ ಮುಖ್ಯ. ಮೌಖಿಕ ವಿಚಾರಣೆ ಎಲ್ಲ ಸಂದರ್ಭಗಳಲ್ಲೂ ಕಡ್ಡಾಯವಲ್ಲ. ವಕೀಲರ ನೆರವು ಸದಾ ಹಕ್ಕಾಗಿ ದೊರೆಯುವುದಿಲ್ಲ. ಉದಾಹರಣೆಗೆ, ತುಮಕೂರು ತಾಲ್ಲೂಕಿನ ನ್ಯಾಯಬೆಲೆ ಅಂಗಡಿಯೊಂದರ ಪರವಾನಗಿಯನ್ನು ದಾಸ್ತಾನಿನ ವ್ಯತ್ಯಾಸಕ್ಕಾಗಿ ರದ್ದುಪಡಿಸುವಾಗ, ತಪಾಸಣಾ ವರದಿಯ ಪ್ರತಿಯನ್ನೇ ಕೊಡದೆ ಕೇವಲ ಕಾರಣ ಕೇಳಿ ನೋಟಿಸು ನೀಡಿದರೆ ಅದು ಹೆಸರಿಗಷ್ಟೇ ಆಲಿಸಿದಂತೆ.

ಶಾಸನವೇ ಹೊರಗಿಟ್ಟಿದ್ದರೆ ಅಥವಾ ತಕ್ಷಣದ ಕ್ರಮ ಅನಿವಾರ್ಯವಾದರೆ ಈ ನಿಯಮಕ್ಕೆ ವಿನಾಯಿತಿ ಉಂಟು. ಬಿಹಾರ ಶಾಲಾ ಪರೀಕ್ಷಾ ಮಂಡಳಿ ಪ್ರಕರಣದಲ್ಲಿ (1970) ಸಾಮೂಹಿಕ ನಕಲು ನಡೆದ ಕೇಂದ್ರದ ಪರೀಕ್ಷೆಯನ್ನು ರದ್ದುಪಡಿಸಲು ಪ್ರತಿ ವಿದ್ಯಾರ್ಥಿಯನ್ನೂ ಕೇಳಬೇಕಿಲ್ಲ ಎನ್ನಲಾಯಿತು. ಉಲ್ಲಂಘನೆಯಾದಾಗ ಆದೇಶ ಸಾಮಾನ್ಯವಾಗಿ ರದ್ದಾಗುತ್ತದೆ. ಆದರೆ ಇಸಿಐಎಲ್ ವಿರುದ್ಧ ಕರುಣಾಕರ್ (1993) ತೀರ್ಪಿನಂತೆ, ವಿಚಾರಣಾ ವರದಿಯ ಪ್ರತಿ ಕೊಡದಿದ್ದುದರಿಂದ ನೌಕರನಿಗೆ ನಿಜಕ್ಕೂ ಹಾನಿಯಾಯಿತೇ ಎಂಬುದನ್ನು ನ್ಯಾಯಾಲಯ ನೋಡುತ್ತದೆ.

ಅಂಕ ಹಂಚಿಕೆ

ಅರ್ಥ ಮತ್ತು ಸಹಜ ನ್ಯಾಯದಲ್ಲಿ ಇದರ ಸ್ಥಾನಕ್ಕೆ 1 ಅಂಕ. ಲ್ಯಾಟಿನ್ ಸೂತ್ರವನ್ನು ಬರೆದು ಅರ್ಥವನ್ನು ಬಿಟ್ಟವರಿಗೆ ಅರ್ಧ ಅಂಕ. ಅರ್ಥವನ್ನು ಕನ್ನಡದಲ್ಲಿ ಸರಿಯಾಗಿ ಬರೆದು ಸೂತ್ರವನ್ನು ಬಿಟ್ಟವರಿಗೆ ಪೂರ್ಣ ಅಂಕವೇ ದೊರೆಯುತ್ತದೆ.

ನಿಯಮ ಎಲ್ಲಿಂದ ಬಂತು ಮತ್ತು ಯಾವ ಆದೇಶಗಳಿಗೆ ಅನ್ವಯಿಸುತ್ತದೆ ಎಂಬುದಕ್ಕೆ, ಪ್ರಕರಣಗಳನ್ನೂ ಸೇರಿಸಿ, ಒಂದೂವರೆ ಅಂಕ. ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಅಂಕ ಕಳೆದುಕೊಳ್ಳುವುದನ್ನು ಕಂಡಿದ್ದೇನೆ: ನಾಲ್ಕು ಪ್ರಕರಣಗಳ ಹೆಸರನ್ನು ಸಾಲಾಗಿ ಬರೆದು ಯಾವುದರ ಸಂಗತಿಯನ್ನೂ ಹೇಳದ ಉತ್ತರಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚು ಕೊಡಲಾಗದು, ಏಕೆಂದರೆ ಹೆಸರು ನೆನಪಿನ ಪರೀಕ್ಷೆಯೇ ಹೊರತು ಕಾನೂನಿನದಲ್ಲ. ಕ್ರೈಪಾಕ್ ಪ್ರಕರಣವನ್ನು (1969) ಆಲಿಸುವ ನಿಯಮಕ್ಕೆ ಉದಾಹರಣೆಯಾಗಿ ಬರೆಯುವವರೂ ಇದ್ದಾರೆ. ಆಯ್ಕೆ ಮಂಡಳಿಯ ಸದಸ್ಯನೇ ಅಭ್ಯರ್ಥಿಯೂ ಆಗಿದ್ದ ಆ ಪ್ರಕರಣದ ಸಂಗತಿ ಪಕ್ಷಪಾತಕ್ಕೆ ಸೇರಿದ್ದು. ಆಡಳಿತಾತ್ಮಕ ಮತ್ತು ಅರೆನ್ಯಾಯಿಕ ಅಧಿಕಾರಗಳ ನಡುವಿನ ಗೆರೆ ತೆಳುವಾಗುತ್ತಿದೆ ಎಂಬ ಮಾತಿಗಾಗಿ ಅದನ್ನು ಬಳಸಿದ್ದರೆ ಮಾತ್ರ ಅಂಕ ಕೊಡಲಾಗುವುದು.

ಆಲಿಸುವಿಕೆಯ ಅಂಶಗಳಿಗೆ 2 ಅಂಕ, ಟಿಪ್ಪಣಿಯ ಹೃದಯಭಾಗ ಇದೇ. ನೋಟಿಸು, ದಾಖಲೆ, ಉತ್ತರದ ಅವಕಾಶ, ಕಾರಣಸಹಿತ ಆದೇಶ ಇವು ನಾಲ್ಕಕ್ಕೂ ತಲಾ ಅರ್ಧ ಅಂಕ. 'ಮೌಖಿಕ ವಿಚಾರಣೆ ಕಡ್ಡಾಯ' ಎಂದು ಬರೆದರೆ ಈ ಭಾಗದಿಂದ ಅರ್ಧ ಅಂಕ ಕಳೆಯಲಾಗುವುದು.

ವಿನಾಯಿತಿಗೆ 1 ಅಂಕ, ಉಲ್ಲಂಘನೆಯ ಪರಿಣಾಮಕ್ಕೆ ಅರ್ಧ ಅಂಕ. ಸ್ಥಳೀಯ ಉದಾಹರಣೆಗೆ ಪ್ರತ್ಯೇಕ ಅಂಕವಿಲ್ಲ. ಆದರೆ ಪಡಿತರ ಅಂಗಡಿಯಂತಹ ಉದಾಹರಣೆಯೊಳಗೇ ದಾಖಲೆಯ ಪ್ರತಿಯ ಅಂಶ ಬಂದಿದ್ದರೆ ಅದರ ಅರ್ಧ ಅಂಕವನ್ನು ಅಲ್ಲಿಯೇ ಹಾಕುತ್ತೇನೆ.

ಉತ್ತರ 250 ಪದಗಳನ್ನು ಮೀರಿದರೆ ಮುಂದಿನದನ್ನು ಓದುವುದಿಲ್ಲ. ಮೇನಕಾ ಗಾಂಧಿ ಪ್ರಕರಣಕ್ಕೇ ಒಂದು ಪುಟ ಮೀಸಲಿಟ್ಟವರ ವಿನಾಯಿತಿಯ ಭಾಗ ಬಹುತೇಕ ಆ ಗೆರೆಯ ಆಚೆಗೇ ಉಳಿಯುತ್ತದೆ.