ಅಭ್ಯಾಸ ಕೇಸ್ ಸ್ಟಡಿ: ಪಾರ್ಸೆಲ್ ಕೇಂದ್ರದ ಒಂಬತ್ತು ರಾಜೀನಾಮೆಗಳು

ಒಟ್ಟು ಅಂಕ: 30. ಸಮಯ: 50 ನಿಮಿಷ.

ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಪ್ರಸಂಗಕ್ಕೆ ಬನ್ನಿ. ಏನು ಹುಡುಕಬೇಕು ಅಂತ ಗೊತ್ತಿದ್ದರೆ ಓದು ಚುರುಕಾಗುತ್ತದೆ. ಮಾದರಿ ಉತ್ತರ ಕೆಳಗಿದೆ. ನಿಮ್ಮದು ಬರೆದು ಮುಗಿಯುವ ತನಕ ಅದನ್ನು ನೋಡಬೇಡಿ.

ಪ್ರಸಂಗ

ಪಾರ್ಸೆಲ್‌ಗಳನ್ನು ವಿಂಗಡಿಸಿ ಬೇರೆ ಬೇರೆ ಮಾರ್ಗಗಳಿಗೆ ಕಳಿಸುವ ಒಂದು ಕೇಂದ್ರ. 48 ಕೆಲಸಗಾರರು, ಹಗಲು ಮತ್ತು ರಾತ್ರಿ ಎರಡು ಪಾಳಿ. ಪಾಳಿಗೊಬ್ಬ ಸೂಪರ್‌ವೈಸರ್, ಅವರಿಬ್ಬರ ಮೇಲೆ ಒಬ್ಬ ಮ್ಯಾನೇಜರ್.

ವರ್ಷದ ಆರಂಭದಲ್ಲಿ ಹೊಸ ಸ್ಕ್ಯಾನರ್‌ಗಳು ಬಂದವು. ಎರಡು ದಿನದ ತರಬೇತಿ ಹಗಲು ಪಾಳಿಯ ವೇಳೆಯಲ್ಲಿ ನಡೆಯಿತು. ರಾತ್ರಿ ಪಾಳಿಯವರಿಗೆ ಒಂದು ಕೈಪಿಡಿ ಕೊಟ್ಟರು. ಮುಂಚೆ ಅಸ್ಪಷ್ಟ ವಿಳಾಸ ಬಂದರೆ ಅನುಭವ ಇದ್ದ ಕೆಲಸಗಾರರೇ ನೋಡಿ ಮಾರ್ಗ ನಿರ್ಧರಿಸುತ್ತಿದ್ದರು. ಈಗ ಅಂಥ ಪಾರ್ಸೆಲ್ ಬದಿಗಿಟ್ಟು ಕಚೇರಿಗೆ ಕಳಿಸಬೇಕು.

ಸ್ಕ್ಯಾನರ್ ಬರುವ ಮುಂಚೆ ಸಾವಿರ ಪಾರ್ಸೆಲ್‌ಗೆ 6 ತಪ್ಪುಗಳಾಗುತ್ತಿದ್ದವು. ಬಂದ ಮೊದಲ ತಿಂಗಳು ಎರಡೂ ಪಾಳಿಗಳಲ್ಲಿ ಅದು 14ಕ್ಕೆ ಏರಿತು. ಮೂರನೇ ತಿಂಗಳಲ್ಲಿ ಹಗಲು ಪಾಳಿ ಮತ್ತೆ 6ಕ್ಕೆ ಇಳಿಯಿತು. ರಾತ್ರಿ ಪಾಳಿ ಇಳಿಯಲಿಲ್ಲ, 15ಕ್ಕೆ ಹೋಯಿತು.

ಕೇಂದ್ರ ಕಚೇರಿ ಒಬ್ಬ ಗುಣಮಟ್ಟ ಅಧಿಕಾರಿಯನ್ನು ಕಳಿಸಿತು. ಅವರು ಕೆಲಸಗಾರರಿಗೇ ನೇರವಾಗಿ, "ಪ್ರತಿ ಪಾರ್ಸೆಲ್ಲನ್ನೂ ಎರಡು ಸಲ ಸ್ಕ್ಯಾನ್ ಮಾಡಿ" ಎಂದರು. ಸೂಪರ್‌ವೈಸರ್, "ಗಂಟೆಗೆ 300 ಆಗಲೇಬೇಕು, ಒಂದೇ ಸಲ ಸಾಕು" ಎಂದರು.

ಆರು ತಿಂಗಳಲ್ಲಿ 9 ಮಂದಿ ಕೆಲಸ ಬಿಟ್ಟರು. ಐವರು ಹೋದ ಮೇಲೆ ಮ್ಯಾನೇಜರ್ ಸಂಬಳವನ್ನು ಶೇ 10ರಷ್ಟು ಏರಿಸಿದರು, ವಿಶ್ರಾಂತಿ ಕೊಠಡಿಯನ್ನು ಸರಿಮಾಡಿಸಿದರು. ಸಂಬಳದ ಬಗ್ಗೆ ಗೊಣಗಾಟ ನಿಂತಿತು. ಆಮೇಲೂ ನಾಲ್ವರು ಹೋದರು, ನಾಲ್ವರೂ ಅನುಭವಿಗಳು. ಒಟ್ಟು 9 ಜನರಲ್ಲಿ 7 ಮಂದಿ, "ನಮ್ಮ ಅನುಭವಕ್ಕೆ ಇಲ್ಲಿ ಕೆಲಸವಿಲ್ಲ, ನಮ್ಮನ್ನು ಕೇಳುವವರೂ ಇಲ್ಲ" ಎಂದರು. ಇಬ್ಬರು ರಾತ್ರಿ ಪಾಳಿಯ ನಿದ್ದೆಗೇಡು ತಡೆಯಲಾಗುತ್ತಿಲ್ಲ ಎಂದರು. ಮ್ಯಾನೇಜರ್ ವರದಿಯಲ್ಲಿ ಬರೆದರು: "ಇವರಿಗೆ ಹೊಸದನ್ನು ಕಲಿಯುವ ಮನಸ್ಸಿಲ್ಲ. ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ."

ಪ್ರಶ್ನೆಗಳು

1. ಇಲ್ಲಿ ಫಯೋಲ್ ಹೇಳಿದ ಯಾವ ನಿರ್ವಹಣಾ ತತ್ವ ಮುರಿದಿದೆ? ಪ್ರಸಂಗದ ಆಧಾರ ಕೊಡಿ. (5)
2. ಸಂಬಳ ಏರಿಸಿದರೂ ಜನ ಏಕೆ ಹೋದರು? ಹರ್ಜ್‌ಬರ್ಗ್ ಸಿದ್ಧಾಂತದ ಮೂಲಕ ವಿಶ್ಲೇಷಿಸಿ. ಸಿದ್ಧಾಂತದ ಒಂದು ಮಿತಿಯನ್ನೂ ಹೇಳಿ. (10)
3. "ಕಲಿಯುವ ಮನಸ್ಸಿಲ್ಲ" ಎಂಬ ಮ್ಯಾನೇಜರ್ ಮಾತನ್ನು ಒಪ್ಪುತ್ತೀರಾ? (7)
4. ಮುಂದಿನ ಮೂರು ತಿಂಗಳಿಗೆ ಮ್ಯಾನೇಜರ್‌ಗೆ ಏನು ಸಲಹೆ ಕೊಡುತ್ತೀರಿ? (8)

ಎರಡನೇ ಪ್ರಶ್ನೆಗೆ ಮಾದರಿ ಉತ್ತರ

ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ಎರಡು ಅಂಶಗಳ ಸಿದ್ಧಾಂತದ ಪ್ರಕಾರ, ಕೆಲಸದಲ್ಲಿ ಅತೃಪ್ತಿ ಹುಟ್ಟಿಸುವುದು ಒಂದು ಗುಂಪಿನ ಅಂಶಗಳು, ತೃಪ್ತಿ ಕೊಡುವುದು ಇನ್ನೊಂದು ಗುಂಪು. ಸಂಬಳ, ಕೆಲಸದ ಪರಿಸ್ಥಿತಿ, ಮೇಲ್ವಿಚಾರಣೆ ಇವು ಹೈಜೀನ್ ಅಂಶಗಳು. ಇವು ಸರಿಯಿಲ್ಲದಿದ್ದರೆ ಅಸಮಾಧಾನ ಬರುತ್ತದೆ. ಸರಿ ಮಾಡಿದರೆ ಅದು ಹೋಗುತ್ತದೆ, ಆದರೆ ಅಷ್ಟರಿಂದಲೇ ಉತ್ಸಾಹ ಬರುವುದಿಲ್ಲ. ಸಾಧನೆ, ಮನ್ನಣೆ, ಜವಾಬ್ದಾರಿ, ಬೆಳವಣಿಗೆ ಇವು ಪ್ರೇರಕ ಅಂಶಗಳು.

ಮ್ಯಾನೇಜರ್ ಮಾಡಿದ ಎರಡೂ ಕೆಲಸಗಳು ಹೈಜೀನ್ ಗುಂಪಿಗೆ ಸೇರುತ್ತವೆ. ಅದರ ಫಲವೂ ಸಿದ್ಧಾಂತ ಹೇಳುವಂತೆಯೇ ಬಂದಿದೆ: ಗೊಣಗಾಟ ನಿಂತಿತು, ರಾಜೀನಾಮೆ ನಿಲ್ಲಲಿಲ್ಲ. ಅನುಭವಿಗಳು ಕಳೆದುಕೊಂಡಿದ್ದು ಬೇರೆ. ಅಸ್ಪಷ್ಟ ವಿಳಾಸದ ಮಾರ್ಗ ನಿರ್ಧರಿಸುವ ಜವಾಬ್ದಾರಿ ಅವರ ಕೈತಪ್ಪಿತು. ಅದರ ಜೊತೆಗೆ ಅವರ ಅನುಭವಕ್ಕೆ ಸಿಗುತ್ತಿದ್ದ ಮನ್ನಣೆಯೂ ಹೋಯಿತು. ಏಳು ಜನ ಹೇಳಿದ ಕಾರಣ ನೇರವಾಗಿ ಇದನ್ನೇ ತೋರಿಸುತ್ತದೆ. ಸಂಬಳ ಏರಿದ ಮೇಲೆ ಹೋದ ನಾಲ್ವರೂ ಅನುಭವಿಗಳೇ ಆಗಿರುವುದು ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಆದರೆ ಎಲ್ಲ ರಾಜೀನಾಮೆಗೂ ಇದೇ ಕಾರಣವಲ್ಲ. ನಿದ್ದೆಗೇಡಿನಿಂದ ಹೋದ ಇಬ್ಬರ ಸಮಸ್ಯೆ ಕೆಲಸದ ಪರಿಸ್ಥಿತಿಯದು, ಅಂದರೆ ಅದು ಹೈಜೀನ್ ಅಂಶವೇ. ಕೊಠಡಿ ಚೆನ್ನಾಗಾದರೂ ಪಾಳಿ ಬದಲಾಗಿಲ್ಲ. ಹಾಗಾಗಿ ಹೈಜೀನ್ ಕೆಲಸವೂ ಪೂರ್ತಿಯಾಗಿಲ್ಲ.

ಮಿತಿ: ಹರ್ಜ್‌ಬರ್ಗ್ ಅಧ್ಯಯನ ನಡೆದದ್ದು ಎಂಜಿನಿಯರ್‌ಗಳು ಮತ್ತು ಅಕೌಂಟೆಂಟ್‌ಗಳ ಮೇಲೆ. ಪಾರ್ಸೆಲ್ ವಿಂಗಡಿಸುವವರಿಗೆ ಅದನ್ನು ಹಾಗೇ ಅನ್ವಯಿಸುವಾಗ ಎಚ್ಚರ ಬೇಕು.

ಈ ಉತ್ತರಕ್ಕೆ ಅಂಕ ಎಲ್ಲಿ ಸಿಕ್ಕಿತು?

ಸಿದ್ಧಾಂತ ವಿವರಿಸಿದ ಮೊದಲ ಪ್ಯಾರಾಕ್ಕೆ ಸಿಗುವುದು 2 ಅಂಕ ಮಾತ್ರ. ಎರಡನೆಯದಕ್ಕೆ 4. ಅಲ್ಲಿ ಪ್ರತಿ ಮಾತಿಗೂ ಪ್ರಸಂಗದ ಒಂದು ಸಾಲು ಅಂಟಿಕೊಂಡಿದೆ. ಮೂರನೇ ಪ್ಯಾರಾಕ್ಕೆ 2, ಮಿತಿಗೆ 2. ಅನೇಕರು ಹೈಜೀನ್ ಅಂಶಗಳ ಪಟ್ಟಿಯನ್ನೇ ಒಂದು ಪುಟ ತುಂಬಾ ಬರೆಯುತ್ತಾರೆ. ಕಷ್ಟಪಟ್ಟು ಓದಿದ್ದು ಕಾಣುತ್ತದೆ, ಅಂಕ ಕೊಡೋಣ ಅಂದರೂ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ನಿಮ್ಮ ಉತ್ತರದಲ್ಲಿ ಈ ಕೇಂದ್ರದ ವಿವರ ಇರುವ ವಾಕ್ಯಗಳಿಗೆ ಅಡಿಗೆರೆ ಹಾಕಿ ನೋಡಿ. ಅರ್ಧದಷ್ಟಾದರೂ ಇರಬೇಕು.

ಮೂರನೇ ಪ್ಯಾರಾ ಬರೆಯುವವರು ತುಂಬಾ ಕಡಿಮೆ. ಪ್ರೇರಕ ಅಂಶಗಳ ವಾದಕ್ಕೆ ಹೊಂದದ ಆ ಇಬ್ಬರನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಅಂಥ ವಿವರ ಪ್ರಸಂಗದಲ್ಲಿ ಇರುವುದೇ ನಿಮ್ಮ ಯೋಚನೆಯನ್ನು ಪರೀಕ್ಷಿಸಲು, ಅಲ್ವಾ?

ಉಳಿದ ಪ್ರಶ್ನೆಗಳಿಗೆ ಸೂಚನೆ

ಮೊದಲನೆಯದು ಆದೇಶದ ಏಕತೆ. ಒಬ್ಬ ಕೆಲಸಗಾರನಿಗೆ ಇಬ್ಬರಿಂದ ಎರಡು ವಿರುದ್ಧ ಆದೇಶ. ಇದನ್ನು ನಿರ್ದೇಶನದ ಏಕತೆಯ ಜೊತೆ ಬೆರೆಸಬೇಡಿ. ಅದು ಒಂದೇ ಗುರಿಯ ಕೆಲಸಗಳಿಗೆಲ್ಲ ಒಬ್ಬ ಮುಖ್ಯಸ್ಥ, ಒಂದು ಯೋಜನೆ ಇರಬೇಕು ಎನ್ನುವ ತತ್ವ.

ಮೂರನೆಯದಕ್ಕೆ ಉತ್ತರ ಅಂಕಿಗಳಲ್ಲಿದೆ. ತರಬೇತಿ ಸಿಕ್ಕ ಹಗಲು ಪಾಳಿ 14ರಿಂದ 6ಕ್ಕೆ ಬಂತು. ಕೈಪಿಡಿ ಮಾತ್ರ ಸಿಕ್ಕ ರಾತ್ರಿ ಪಾಳಿ ಇಳಿಯದೆ 15ಕ್ಕೆ ಹೋಯಿತು. ಮನಸ್ಸಿಲ್ಲದವರು ಕಲಿತು ತಪ್ಪು ಇಳಿಸಿದ್ದು ಹೇಗೆ? ಈ ಪ್ರಶ್ನೆ ಕೇಳಿದರೆ ಸಾಕು, ಮ್ಯಾನೇಜರ್ ವಾದ ದುರ್ಬಲವಾಗುತ್ತದೆ. ಆದರೆ ರಾತ್ರಿಯ ಆಯಾಸವೂ ಒಂದು ಕಾರಣ ಇರಬಹುದು, ಅದನ್ನೂ ಬರೆಯಿರಿ. ಮ್ಯಾನೇಜರ್ ನೋಟ ಮೆಕ್‌ಗ್ರೆಗರ್ 1960ರಲ್ಲಿ ವಿವರಿಸಿದ ಎಕ್ಸ್ ಸಿದ್ಧಾಂತದ್ದು, ಅಂದರೆ ಜನರಿಗೆ ಸ್ವಭಾವತಃ ಕೆಲಸ ಇಷ್ಟವಿಲ್ಲ ಎನ್ನುವ ನಂಬಿಕೆ. ಲೆವಿನ್ ಹೇಳಿದ ಬದಲಾವಣೆಯ ಮೂರು ಹಂತಗಳಲ್ಲಿ ಮೊದಲನೆಯದು, ಅಂದರೆ ಹಳೆಯ ರೂಢಿಯನ್ನು ಸಡಿಲಿಸಿ ಜನರನ್ನು ಬದಲಾವಣೆಗೆ ಅಣಿಗೊಳಿಸುವುದು, ಇಲ್ಲಿ ನಡೆದೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿ ಸರಿಯಾಗಿ ಬರೆದರೂ ಪೂರ್ಣ ಅಂಕವಿದೆ.

ನಾಲ್ಕನೆಯದರಲ್ಲಿ "ಸಂವಹನ ಸುಧಾರಿಸಬೇಕು" ಎಂಬಂಥ ವಾಕ್ಯಕ್ಕೆ ಅಂಕವಿಲ್ಲ. ಯಾರು, ಏನು, ಯಾವಾಗ, ಫಲ ಹೇಗೆ ಅಳೆಯುವುದು, ಇಷ್ಟೂ ಬೇಕು. ಉದಾಹರಣೆಗೆ: ಮೊದಲ ವಾರವೇ ಗುಣಮಟ್ಟ ಅಧಿಕಾರಿ ತಮ್ಮ ಮಾತನ್ನು ಮ್ಯಾನೇಜರ್ ಮೂಲಕ ಹೇಳುವ ವ್ಯವಸ್ಥೆ ಮಾಡುವುದು. ಎರಡನೇ ವಾರ ರಾತ್ರಿ ಪಾಳಿಯ ವೇಳೆಯಲ್ಲೇ ಎರಡು ದಿನದ ತರಬೇತಿ. ಮೊದಲ ತಿಂಗಳ ಕೊನೆಗೆ ಅಸ್ಪಷ್ಟ ವಿಳಾಸಗಳ ನಿರ್ಧಾರ ಮತ್ತೆ ಅನುಭವಿಗಳ ಕೈಗೆ. ಮೂರನೇ ತಿಂಗಳಲ್ಲಿ ರಾತ್ರಿ ಪಾಳಿಯ ತಪ್ಪು ಸಾವಿರಕ್ಕೆ 8ಕ್ಕಿಂತ ಕೆಳಗೆ ಬಂದಿದೆಯೇ ಅಂತ ನೋಡುವುದು. ಪಾಳಿ ಸರದಿಯ ಬಗ್ಗೆ ನಿಮ್ಮ ಸಲಹೆ ನೀವೇ ಬರೆಯಿರಿ.

ಮುಂದಿನ ಅಭ್ಯಾಸ

ಪ್ರಸಂಗದಲ್ಲಿ ಒಂದು ಸಾಲು ಬದಲಿಸಿ. ಆ ಏಳು ಜನ ಕೊಟ್ಟ ಕಾರಣ, "ಇದೇ ಕೆಲಸಕ್ಕೆ ಹೊಸಬರಿಗೆ ನಮಗಿಂತ ಜಾಸ್ತಿ ಸಂಬಳ ಕೊಡುತ್ತಿದ್ದಾರೆ" ಎಂದಿರಲಿ. ಈಗ ಎರಡನೇ ಪ್ರಶ್ನೆಗೆ ಹರ್ಜ್‌ಬರ್ಗ್ ಸಾಕೇ, ಜನ ತಮ್ಮ ದುಡಿಮೆ ಮತ್ತು ಪ್ರತಿಫಲವನ್ನು ಇತರರದರ ಜೊತೆ ಹೋಲಿಸಿ ನೋಡುತ್ತಾರೆ ಎಂದು 1963ರಲ್ಲಿ ಆಡಮ್ಸ್ ಮಂಡಿಸಿದ ಈಕ್ವಿಟಿ ಸಿದ್ಧಾಂತ ಬೇಕೇ? ಕಾರಣ ಕೊಟ್ಟು ಒಂದು ಪುಟದೊಳಗೆ ಬರೆಯಿರಿ. (10)