ವಾರ್ಷಿಕ ಸಾಫ್ಟ್‌ವೇರ್ ನಿರ್ವಹಣಾ ಒಪ್ಪಂದದ ಮುಕ್ತಾಯ: ದತ್ತಾಂಶ ಹಸ್ತಾಂತರ ಮತ್ತು ಅಳಿಸುವಿಕೆ ಕುರಿತು

ತಿಪಟೂರು
ದಿನಾಂಕ: 20-02-2026

ಇವರಿಂದ: ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ
ಇವರಿಗೆ: ವ್ಯವಸ್ಥಾಪಕರು, ಸಾಫ್ಟ್‌ವೇರ್ ನಿರ್ವಹಣಾ ವಿಭಾಗ

ಉಲ್ಲೇಖ: 01-04-2025ರ ವಾರ್ಷಿಕ ನಿರ್ವಹಣಾ ಒಪ್ಪಂದ

ಮಾನ್ಯರೇ,

ಮೇಲಿನ ಒಪ್ಪಂದ 31-03-2026ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸದಿರಲು ಸಂಘದ ಆಡಳಿತ ಮಂಡಳಿ ನಿರ್ಣಯಿಸಿದೆ. ಒಪ್ಪಂದದಂತೆ 30 ದಿನ ಮೊದಲೇ ತಿಳಿಸಬೇಕಾದ್ದರಿಂದ ಈ ಪತ್ರವನ್ನೇ ನೋಟಿಸ್ ಎಂದು ಪರಿಗಣಿಸಿ. ಪತ್ತಿನ ಸಂಘಗಳ ಗಣಕೀಕರಣಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಯೋಜನೆಯ ಸಾಮಾನ್ಯ ತಂತ್ರಾಂಶಕ್ಕೆ ನಾವು ಹೋಗುತ್ತಿದ್ದೇವೆ. ಎರಡು ಕಡೆ ಲೆಕ್ಕ ಬರೆಯಲು ನಮ್ಮಲ್ಲಿ ಸಿಬ್ಬಂದಿ ಇಲ್ಲ. ನಿಮ್ಮ ಸೇವೆಯ ಬಗ್ಗೆ ದೂರಿಲ್ಲ. 2018ರ ಸಾಲಮನ್ನಾ ಪಟ್ಟಿಯ ಹೊತ್ತಿನಲ್ಲಿ ನಿಮ್ಮ ಹುಡುಗರು ರಾತ್ರಿಯೆಲ್ಲಾ ಕೂತು ಕೆಲಸ ಮಾಡಿಕೊಟ್ಟಿದ್ದನ್ನು ಸಂಘ ಮರೆತಿಲ್ಲ.

ಸದಸ್ಯರ ಮತ್ತು ಷೇರು ವಹಿ, ಬೆಳೆ ಸಾಲ, ಠೇವಣಿ, ಪಿಗ್ಮಿ, ಗೊಬ್ಬರದ ದಾಸ್ತಾನು, ದಿನವಹಿ ಇವೆಲ್ಲವನ್ನೂ ಆರಂಭದಿಂದ 31-03-2026ರವರೆಗೆ 10-04-2026ರೊಳಗೆ ಕೊಡಬೇಕು. ಬರೀ `.bak` ಕಡತ ಸಾಲದು. ಅದರ ಜೊತೆಗೆ ಪ್ರತಿ ವಹಿಯೂ ಸಿಎಸ್‌ವಿ ರೂಪದಲ್ಲಿರಲಿ, ಯಾವ ಕಾಲಂನಲ್ಲಿ ಏನಿದೆ ಎಂಬ ವಿವರಣೆಯೂ ಇರಲಿ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಹಳೆಯ ಹೆಸರುಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿವೆ. ನೀವು ಮಾದರಿಗೆಂದು ಯೂನಿಕೋಡ್‌ಗೆ ಬದಲಿಸಿ ಕೊಟ್ಟ ಕಡತದಲ್ಲಿ ಅರ್ಕಾವತ್ತು ಜಾಗ ತಪ್ಪಿ, ‘ಧರ್ಮಪ್ಪ’ ‘ಧಮರ್ಪ್ಪ’ ಆಗಿದೆ. ಪಹಣಿಯಲ್ಲಿ ಒಂದು ಹೆಸರು, ಸಾಲದ ಖಾತೆಯಲ್ಲಿ ಇನ್ನೊಂದು ಹೆಸರಾದರೆ ಅಲೆಯಬೇಕಾದವನು ರೈತ. ಇದನ್ನು ಸರಿಪಡಿಸಿದ ಮೇಲೆಯೇ ಕಡತ ಕೊಡಿ.

ಬಂದ ದತ್ತಾಂಶವನ್ನು ಮಾರ್ಚ್ 31ರ ತಾಳೆಪಟ್ಟಿಗೆ ಹೋಲಿಸಿ, ಸರಿಯಿದ್ದರೆ ಲಿಖಿತವಾಗಿ ತಿಳಿಸುತ್ತೇವೆ. ಆ ಪತ್ರ ಕೈಸೇರುವ ತನಕ ದಯವಿಟ್ಟು ಏನನ್ನೂ ಅಳಿಸಬೇಡಿ. ಸಹಕಾರ ಸಂಘಗಳ ಕಾಯ್ದೆ, 1959ರ ಕಲಂ 63ರ ಲೆಕ್ಕಪರಿಶೋಧನೆಗೆ ಈ ದಾಖಲೆಗಳೇ ಆಧಾರ.

ದತ್ತಾಂಶ ಸರಿಯಿದೆ ಎಂಬ ಆ ಪತ್ರ ತಲುಪಿದ 15 ದಿನದೊಳಗೆ ನಿಮ್ಮಲ್ಲಿರುವ ಪ್ರತಿಗಳನ್ನೆಲ್ಲ ಅಳಿಸಬೇಕು. ಸರ್ವರ್, ಬ್ಯಾಕಪ್, ಪರೀಕ್ಷೆಗೆ ಮಾಡಿಕೊಂಡ ಪ್ರತಿ ಮಾತ್ರವಲ್ಲ, ತಂತ್ರಜ್ಞರ ಲ್ಯಾಪ್‌ಟಾಪ್, ಪೆನ್‌ಡ್ರೈವ್‌ಗಳಲ್ಲಿರುವುದೂ ಹೋಗಬೇಕು. ತೊಂದರೆ ತೋರಿಸಲು ನಮ್ಮ ಗುಮಾಸ್ತರೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪರದೆಯ ಚಿತ್ರಗಳಲ್ಲೂ ಆಧಾರ್, ಖಾತೆ ಸಂಖ್ಯೆಗಳಿವೆ; ನಮ್ಮ ಕಡೆ ಅಳಿಸಿದ್ದೇವೆ, ನೀವೂ ಅಳಿಸಿ. ಯಾವುದನ್ನು, ಎಲ್ಲಿಂದ, ಎಂದು ಅಳಿಸಲಾಯಿತು ಎಂಬುದಕ್ಕೆ ಸಹಿ, ಮೊಹರು ಇರುವ ದೃಢೀಕರಣ ಪತ್ರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮಾತು ಬೇರೆ, ನಮ್ಮ ಒಪ್ಪಂದದ ಗೋಪ್ಯತಾ ಷರತ್ತೇ ಇದಕ್ಕೆ ಸಾಕು.

ನಮ್ಮ ಕಂಪ್ಯೂಟರುಗಳಿಗೆ ದೂರದಿಂದ ಪ್ರವೇಶಿಸುವ ವ್ಯವಸ್ಥೆಯನ್ನು ದತ್ತಾಂಶ ಹಸ್ತಾಂತರವಾದ ದಿನವೇ ತೆಗೆಯುತ್ತೇವೆ. ಡೇಟಾಬೇಸ್‌ನ `sa` ಪಾಸ್‌ವರ್ಡ್ ಅನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ, ಫೋನಿನಲ್ಲಿ ಹೇಳಬೇಡಿ. ಬಾಕಿ ಬಿಲ್ಲಿದ್ದರೆ ಮಾರ್ಚ್ 25ರೊಳಗೆ ಕಳಿಸಿದರೆ ಇದೇ ವರ್ಷದ ಲೆಕ್ಕದಲ್ಲಿ ಪಾವತಿಸಬಹುದು. ಹಸ್ತಾಂತರದ ಕೆಲಸಕ್ಕೆ ಪ್ರತ್ಯೇಕ ಶುಲ್ಕವಿದೆ ಎನ್ನುವುದಾದರೆ ಕೆಲಸ ಶುರುವಾಗುವ ಮೊದಲೇ ಬರೆದು ತಿಳಿಸಿ.

ಈ ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಕಳಿಸಿಕೊಡಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಮುಖ್ಯ ಕಾರ್ಯನಿರ್ವಹಣಾಧಿಕಾರಿ

ಲಗತ್ತು: ಆಡಳಿತ ಮಂಡಳಿ ನಿರ್ಣಯದ ನಕಲು
ಪ್ರತಿ: ಸಂಘದ ಅಧ್ಯಕ್ಷರಿಗೆ, ಮಾಹಿತಿಗಾಗಿ